ಸಹಾಯ ಬೇಕು: ಅಡಿಕೆ ಗೊಬ್ಬರದ ಕೋಷ್ಟಕವನ್ನು ವಾಕ್ಯ ಮಾಡಬೇಕಿದೆ

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ಹತ್ತಿರ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಅವರಿಗೆ ಕಣ್ಣು ಕಾಣುವುದಿಲ್ಲ. ಮೊಬೈಲ್ ಓದಿ ಹೇಳುವುದನ್ನು ಕೇಳಿಸಿಕೊಳ್ಳುತ್ತಾರೆ. ಗೊಬ್ಬರದ ಕೋಷ್ಟಕವನ್ನು ಅವರಿಗಾಗಿ ಬರೆದುಕೊಡುತ್ತಿದ್ದೇನೆ.

ಕೋಷ್ಟಕದಲ್ಲಿ ಅಡ್ಡಸಾಲಿಗೆ ಒಂದು ಪೋಷಕಾಂಶ, ಕಂಬಸಾಲಿಗೆ ಗಿಡದ ಒಂದು ವಯಸ್ಸು. ಹಾಗೇ ಕಳಿಸಿದರೆ ಫೋನು "ಸಾರಜನಕ 33 66 100" ಎಂದು ಓದುತ್ತದೆ. ಯಾವುದು ಯಾವ ವರ್ಷದ್ದು ಅಂತ ತಿಳಿಯುವುದೇ ಇಲ್ಲ. ಚಿಕ್ಕಪ್ಪ ಕೇಳುವುದು "ಎರಡನೇ ವರ್ಷದ ಗಿಡಕ್ಕೆ ಎಷ್ಟು?" ಎಂದು. ಅದಕ್ಕೇ ವಯಸ್ಸಿನ ಪ್ರಕಾರ ಬರೆದೆ, ಮೊದಲು ಒಟ್ಟು ಲೆಕ್ಕ ಇಟ್ಟೆ:

"ಮೂರನೇ ವರ್ಷದಿಂದ ಪೂರ್ತಿ ಪ್ರಮಾಣ. ಮೊದಲ ವರ್ಷ ಅದರ ಮೂರನೇ ಒಂದು ಭಾಗ, ಎರಡನೇ ವರ್ಷ ಮೂರನೇ ಎರಡು ಭಾಗ. ಪೂರ್ತಿ ಪ್ರಮಾಣ ಎಂದರೆ ವರ್ಷಕ್ಕೆ ಒಂದು ಗಿಡಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ."

ಪ್ರತಿ ಅಂಕಿಗೂ ಹೆಸರು, ಗ್ರಾಂ ಎರಡನ್ನೂ ಅಂಟಿಸಿದ್ದೇನೆ. ಇದು ಪೋಷಕಾಂಶದ ತೂಕ, ಚೀಲದ ಗೊಬ್ಬರದ ತೂಕವಲ್ಲ ಎಂದೂ ಸೇರಿಸಿದೆ. ಯೂರಿಯಾದಲ್ಲಿ ಸಾರಜನಕ ಶೇ 46 ಮಾತ್ರ ಅಲ್ವಾ? ಪೋಷಕಾಂಶದ ತೂಕ ಎಂದು ಕೋಷ್ಟಕದ ತಲೆಬರಹದಲ್ಲಿದ್ದ ಮಾತು ವಾಕ್ಯದಲ್ಲಿ ಬಿಟ್ಟುಹೋಗಿ, 100 ಗ್ರಾಂ ಯೂರಿಯಾವನ್ನೇ ಹಾಕಿದರೆ ಗಿಡಕ್ಕೆ ಅರ್ಧ ಸಾರಜನಕವೂ ಸಿಗುವುದಿಲ್ಲ.

ಈಗ ಎರಡು ಪ್ರಶ್ನೆ. ಭಾಗದ ಲೆಕ್ಕ ಸಾಕಾ, ಅಥವಾ ಮೂರೂ ವರ್ಷದ ಗ್ರಾಂ ಬಿಡಿಸಿ ಬರೆಯಬೇಕಾ? ಬರೆದರೆ ಕೇಳುವುದು ಉದ್ದವಾಗುತ್ತದೆ. ಇನ್ನೊಂದು, ಒಂದು ಖಾನೆಯಲ್ಲಿ ಬರೀ ಗೆರೆ ಇದೆ. "ಬೇಡ" ಅಂತಲೋ, "ಮಾಹಿತಿ ಇಲ್ಲ" ಅಂತಲೋ? ಸುಮ್ನೆ ಊಹಿಸಿ ಬರೆಯಲು ಮನಸ್ಸಿಲ್ಲ. ಫೋನಿನಲ್ಲಿ ಕೇಳಿ ಓದುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.