ಸಹಾಯ ಬೇಕು: ಉದ್ದ ಹಾಳೆಯ ಫೋಟೋ ಜೋಡಿಸುವಾಗ ಯಾವ ಸಾಲು ನಿಜವಾಗಿ ಎರಡು ಸಲ ಇದೆ?

ಉಡುಪಿ ಹತ್ತಿರದ ಒಂದು ಹಳೇ ಗೇಣಿ ಲೆಕ್ಕದ ಹಾಳೆ, ಕೈಬರಹ. ಉದ್ದ ಜಾಸ್ತಿ, ಹಾಗಾಗಿ ಮೇಲಿಂದ ಕೆಳಗೆ 4 ಫೋಟೋ ಇದೆ. ಪ್ರತಿ ಫೋಟೋದಲ್ಲಿ 20 ಸಾಲು, ಹಿಂದಿನದರ ಕೊನೆಯ ಕೆಲವು ಸಾಲು ಮುಂದಿನದರಲ್ಲೂ ಬಂದಿದೆ. ಹಾಳೆ ವಾಪಸ್ ಹೋಗಿದೆ, ಮತ್ತೆ ಫೋಟೋ ತೆಗೆಯಲಿಕ್ಕಾಗುವುದಿಲ್ಲ.

ಟೈಪ್ ಮಾಡಿ ಒಂದೇ ಥರದ ಸಾಲೆಲ್ಲ ಅಳಿಸಿದರೆ ನಿಜವಾದ ಲೆಕ್ಕವೂ ಹೋಗುತ್ತದೆ, ಯಾಕೆಂದರೆ "ಅಕ್ಕಿ ಮುಡಿ 2", "ತೆಂಗಿನಕಾಯಿ 10" ಬೇರೆ ಬೇರೆ ಒಕ್ಕಲಿನ ಹೆಸರಲ್ಲೂ ಹಾಗೇ ಬರುತ್ತದೆ. ಮೊಬೈಲಿನ ಪನೋರಮಾ ಆ್ಯಪ್ ಒಂದು ಸಾಲು ಹಾರಿಸಿ ಅಂಟಿಸಿತು.

2ನೇ ಫೋಟೋದ ಕೊನೆಗೆ ಅಕ್ಕಿ, ಕಾಯಿ, ಅಕ್ಕಿ, ಕಾಯಿ. 3ನೇದರ ಶುರುವಿಗೂ ಅದೇ ನಾಲ್ಕು. ಅಕ್ಷರ ನೋಡಿದರೆ 2 ಸಾಲು ಒಂದರ ಮೇಲೊಂದು ಕೂತರೂ ಸರಿ, 4 ಕೂತರೂ ಸರಿ. ಒಟ್ಟಿನಲ್ಲಿ ಒಂದು ಒಕ್ಕಲಿನ ಗೇಣಿ ಹೆಚ್ಚುಕಮ್ಮಿ. ಅಲ್ಲಿ ಗೆದ್ದಲು ತಿಂದ ಒಂದು ತೂತು ಉಳಿಸಿತು: 2ನೇದರಲ್ಲಿ 19ನೇ ಸಾಲಿನ ಪಕ್ಕ, 3ನೇದರಲ್ಲಿ 1ನೇ ಸಾಲಿನ ಪಕ್ಕ. ಅಂದರೆ 2 ಸಾಲು ಮಾತ್ರ ಪುನಃ ಬಂದದ್ದು.

3 ಮತ್ತು 4ರ ನಡುವೆ ತೂತೂ ಇಲ್ಲ, ಕಲೆಯೂ ಇಲ್ಲ, ಮಡಿಕೆಯೂ ಇಲ್ಲ. ಅಡಿಯ ಮೊತ್ತ ಹರಿದುಹೋಗಿದೆ. ಉಳಿದದ್ದು ಅಕ್ಷರಗಳ ತಿರುವು, ಶಾಯಿಯ ದಪ್ಪ ಮಾತ್ರ. ಆದರೆ 4ನೇ ಫೋಟೋ ಓರೆಯಾಗಿದೆ, ಅಂಚಿನ ಅಕ್ಷರ ಎಳೆದ ಹಾಗೆ ಕಾಣುತ್ತದೆ.

ಓರೆ ಸರಿಮಾಡಿ ಒಂದೊಂದು ಅಕ್ಷರದ ಗೆರೆ ಹೋಲಿಸಿದರೆ ಒಂದೇ ಸಾಲು ಹೌದೋ ಅಲ್ಲವೋ ಅಂತ ಖಚಿತ ಹೇಳಬಹುದಾ? ಆಗದಿದ್ದರೆ ಸಂಶಯದ ಸಾಲನ್ನು ಪ್ರತಿಯಲ್ಲಿ ಹೇಗೆ ಗುರುತು ಹಾಕಿ ಇಡುವುದು?