ಪದಚರ್ಚೆ: ‘ಸೇಲೆವ್ ಆ’ ಅಂದರೆ ಏರಿತು ಅಂತಲೇ?

ಪೂರ್ಣಿಮಾ, ಗ್ರೆನೋಬ್ಲ್

ಎಲ್ಲರಿಗೂ ನಮಸ್ಕಾರ. ಇಲ್ಲಿ ನಮ್ಮ ಫ್ರೆಂಚ್ ತರಗತಿಯಲ್ಲಿ ಗ್ರಾಫ್ ನೋಡಿ ಐದು ನಿಮಿಷ ಮಾತಾಡಬೇಕು. ನನಗೆ ಬಂದಿರುವುದು ಫ್ರಾನ್ಸಿನ ಜನನ ಸಂಖ್ಯೆಯ ಗ್ರಾಫ್. ಅಂಕಿಗಳು ಇಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ‘ಇನ್ಸೇ’ಯವು. 2022ರಲ್ಲಿ ಸುಮಾರು 7 ಲಕ್ಷ 26 ಸಾವಿರ ಮಕ್ಕಳು ಹುಟ್ಟಿದರೆ, 2023ರಲ್ಲಿ 6 ಲಕ್ಷ 78 ಸಾವಿರ.

ಮೇಷ್ಟ್ರು ಬೋರ್ಡಿನ ಮೇಲೆ ಒಂದು ಮಾದರಿ ವಾಕ್ಯ ಬರೆದರು. ಕನ್ನಡ ಲಿಪಿಯಲ್ಲಿ ಕೊಡುತ್ತೇನೆ, ಉಚ್ಚಾರ ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ:

‘ಆಂ 2023, ಲ ನೋಂಬ್ರ್ ದ ನೆಸಾಂಸ್ ಸೇಲೆವ್ ಆ 678 000, ಸ್ವಾ ಯೂನ್ ಬೆಸ್ ದ 6,6 %.’

ನಿಘಂಟು ತೆಗೆದರೆ ‘ಏಲೆವೇ’ ಅಂದರೆ ಎತ್ತು, ಮೇಲೇರಿಸು. ‘ಬೆಸ್’ ಅಂದರೆ ಇಳಿಕೆ. ಒಂದೇ ಉಸಿರಿನಲ್ಲಿ ಏರಿತು ಅಂತಲೂ ಇಳಿಯಿತು ಅಂತಲೂ ಹೇಳಿದ ಹಾಗಾಯಿತಲ್ವಾ? ಇನ್ನೊಂದು, ಈ ‘ದ’. ‘ಪಾರೀಸಿನಿಂದ ಬಂದೆ’ ಅನ್ನುವಾಗ ಬರುವ ‘ಇಂದ’ ಅಂತ ಕಲಿತಿದ್ದೆ. ಹಾಗಾದರೆ ‘ಬೆಸ್ ದ 6,6’ ಅಂದರೆ 6.6ರಿಂದ ಕೆಳಗಿಳಿಯಿತು ಅಂತಲೇ? ಗ್ರಾಫಿನಲ್ಲಿ 6.6 ಅನ್ನುವ ಬಿಂದುವೇ ಇಲ್ಲ.

ಹರೀಶ, ಬೆಂಗಳೂರು

ಪೂರ್ಣಿಮಾ, ನಾನು ಬಿ1 ಪರೀಕ್ಷೆ ಮುಗಿಸಿದವನು, ಇದು ಸುಲಭ. ‘ದ’ ಅಂದರೆ ಇಂದ, ‘ಆ’ ಅಂದರೆ ಕ್ಕೆ. ‘ಪಾಸೇ ದ 726 000 ಆ 678 000’: 7,26,000ದಿಂದ 6,78,000ಕ್ಕೆ ಹೋಯಿತು. ಮುಗೀತು. ಬೆಸ್ ದ 6,6 ಅಂದರೂ ಅದೇ, ಯಾವುದೋ ದರ 6.6ರಿಂದ ಇಳಿದಿರಬೇಕು, ಗ್ರಾಫಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ ನೋಡಿ. ‘ಸೇಲೆವ್’ ಮಾತ್ರ ನಿಮ್ಮ ಮೇಷ್ಟ್ರ ಕೈತಪ್ಪು ಅನಿಸುತ್ತದೆ.

ನಾಗರಾಜ ರಾವ್, ಶಿವಮೊಗ್ಗ

ಫ್ರಾನ್ಸಿನಲ್ಲಿ ಮಕ್ಕಳು ಕಡಿಮೆಯಾಗುವುದಕ್ಕೆ ಕಾರಣ ಕೇಳಿದ್ದೀರಿ. ಅಲ್ಲಿ ಮಾತ್ರ ಅಲ್ಲಮ್ಮ, ನಮ್ಮಲ್ಲೂ ಅಷ್ಟೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಫ್ರಾನ್ಸಿನದ್ದೂ 2023ರಲ್ಲಿ ಅದೇ ಆಸುಪಾಸು, 1.68. ನಮ್ಮ ಬೀದಿಯಲ್ಲೇ ನೋಡಿ, ಮನೆಗೊಂದು ಮಗು. ಓದು, ಕೆಲಸ, ಮನೆ ಬಾಡಿಗೆ, ಎಲ್ಲ ಸೇರಿಕೊಂಡಿದೆ.

ವಸುಧಾ, ಮೈಸೂರು

ರಾಯರೇ, ಪೂರ್ಣಿಮಾ ಕೇಳಿದ್ದು ಪದದ ಬಗ್ಗೆ. ಆದರೂ ನಿಮ್ಮ ಅಂಕಿ ಮುಂದೆ ಉಪಯೋಗಕ್ಕೆ ಬರುತ್ತದೆ, ಇಟ್ಟುಕೊಂಡಿರುತ್ತೇನೆ.

ಪೂರ್ಣಿಮಾ, ನಿಮ್ಮ ಮೇಷ್ಟ್ರು ಬರೆದದ್ದು ಸರಿಯಾಗಿಯೇ ಇದೆ. ನಾನು ಕಂಪನಿಗಳ ಫ್ರೆಂಚ್ ವರದಿಗಳನ್ನು ಅನುವಾದ ಮಾಡುತ್ತೇನೆ, ಈ ವಾಕ್ಯದ ಅಣ್ಣತಮ್ಮಂದಿರು ದಿನಾ ಎದುರಾಗುತ್ತಾರೆ. ‘ಸೇಲೆವ್ ಆ’ಗೆ ಇಲ್ಲಿ ಏರುವುದು ಇಳಿಯುವುದು ಎರಡೂ ಇಲ್ಲ. ಲೆಕ್ಕ ಹಾಕಿದರೆ ಒಟ್ಟು ಇಷ್ಟು ಆಗುತ್ತದೆ, ಅಷ್ಟೇ. ಬಿಲ್ಲಿನ ಮೊತ್ತ 40 ಯೂರೋ ಆಗುತ್ತದೆ ಅನ್ನುವುದಕ್ಕೂ ‘ಸೇಲೆವ್ ಆ 40 ಯೂರೋ’ ಅಂತಾರೆ. ಬಿಲ್ಲು ಮೊನ್ನೆ ಕಡಿಮೆ ಇತ್ತು, ಇವತ್ತು ಜಾಸ್ತಿಯಾಯಿತು ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ನಾವು ‘ಖರ್ಚು ಎಷ್ಟಕ್ಕೆ ಬಂತು?’ ಅಂತ ಕೇಳುವುದಿಲ್ಲವೇ, ಅಲ್ಲಿ ಖರ್ಚು ಎಲ್ಲಿಂದಲೂ ನಡೆದು ಬಂದಿರುವುದಿಲ್ಲ. ‘ಸೇತಾಬ್ಲಿ ಆ’ ಕೂಡ ಇದೇ ಕೆಲಸ ಮಾಡುತ್ತದೆ. ‘ಆತ್ತೆಂದ್ರ್’ ಮಾತ್ರ ಸ್ವಲ್ಪ ಬೇರೆ, ಅದರಲ್ಲಿ ತಲುಪಿದ ಭಾವ ಇದೆ. ಅದನ್ನು ಎತ್ತರದ ಬಿಂದುವಿಗೋ ‘ಅತಿ ಕೆಳಗಿನ ಮಟ್ಟ’ಕ್ಕೋ ಹಾಕಿದರೆ ಒಪ್ಪುತ್ತದೆ. ಸುಮ್ನೆ ನಡುವಿನ ಒಂದು ಅಂಕಿಗೆ ಹಾಕಿದರೆ ಸಪ್ಪೆ.

ಈಗ ‘ದ’. ಹರೀಶ ಅವರು ಹೇಳಿದ್ದು ಅರ್ಧ ನಿಜ. ‘ಪಾಸೇ’ ಜೊತೆ ‘ದ’ ಇದ್ದರೆ ಇಂದ, ಅದಕ್ಕೆ ಜೋಡಿಯಾಗಿ ‘ಆ’ ಬಂದೇ ಬರುತ್ತದೆ. ‘ಬೆಸೇ’, ‘ಓಗ್ಮಾಂತೇ’, ‘ದಿಮಿನ್ಯುಏ’ ಇಂಥ ಏರಿಳಿತದ ಕ್ರಿಯಾಪದ ಬಂದು ‘ದ’ದ ಪಕ್ಕ ಒಂದೇ ಅಂಕಿ ನಿಂತು, ‘ಆ’ ಇಲ್ಲದಿದ್ದರೆ, ಅದು ಇಂದ ಅಲ್ಲ, ‘ಅಷ್ಟು’. ನಾವು ಪತ್ರಿಕೆಯಲ್ಲಿ ‘ಶೇ 6.6ರಷ್ಟು’ ಅಂತ ಓದುವ ‘ಅಷ್ಟು’.

ನಿಮ್ಮ ಅಂಕಿಯನ್ನೇ ಇಟ್ಟುಕೊಂಡು ನೋಡಿ. ಮೊದಲು ವ್ಯತ್ಯಾಸ: 726ರಲ್ಲಿ 678 ಕಳೆದರೆ 48, ಅಂದರೆ 48 ಸಾವಿರ. ‘ಲೆ ನೆಸಾಂಸ್ ಓಂ ಬೆಸೇ ದ 48 000’ ಅಂದರೆ 48 ಸಾವಿರದಷ್ಟು ಇಳಿದವು. ಇದೇ ಜಾಗದಲ್ಲಿ ‘ಆ 48 000’ ಅಂದುಬಿಟ್ಟರೆ ಇಡೀ ಫ್ರಾನ್ಸಿನಲ್ಲಿ ವರ್ಷಕ್ಕೆ 48 ಸಾವಿರ ಮಕ್ಕಳು ಮಾತ್ರ ಹುಟ್ಟಿದ ಹಾಗೆ. ಒಂದಕ್ಷರಕ್ಕೆ ದೇಶವೇ ಖಾಲಿ! ಶೇಕಡಾ ಬೇಕಿದ್ದರೆ 48ನ್ನು 726ರಿಂದ ಭಾಗಿಸಿ, 6.6 ಬರುತ್ತದೆ. ಹಳೆಯ ವರ್ಷದಿಂದಲೇ ಭಾಗಿಸಬೇಕು. 678ರಿಂದ ಭಾಗಿಸಿದರೆ 7.1 ಆಗುತ್ತದೆ, ಗ್ರಾಫಿನ ಅಂಕಿಗೆ ಹೊಂದುವುದಿಲ್ಲ. ತಪ್ಪು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ‘ಸೇಲೆವ್’ನಲ್ಲಿ ಮುಂದೊಂದು ‘ಸ’ ಇದೆಯಲ್ಲ, ಅದನ್ನು ನೋಡಿ ‘ಬೆಸೇ’ಗೂ ಒಂದು ‘ಸ’ ಅಂಟಿಸಬೇಡಿ. ‘ಸ ಬೆಸೇ’ ಅಂದರೆ ಮನುಷ್ಯರು ಬಗ್ಗುವುದು. ಜನನ ಸಂಖ್ಯೆ ಚಪ್ಪಲಿ ಹುಡುಕಲು ಬಗ್ಗಿತು ಅಂದಂತಾಗುತ್ತದೆ.

ಇರ್ಫಾನ್, ತುಲೂಸ್

ವಸುಧಾ ಮೇಡಂ ಹೇಳಿದ ‘ಬೆಸ್ ದ’ ನಮ್ಮ ಆಫೀಸಿನಲ್ಲಿ ದೊಡ್ಡ ಜಗಳ ಮಾಡಿಸಿತ್ತು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ. ಫೇಲ್ ಆಗುವ ಟೆಸ್ಟುಗಳ ಪ್ರಮಾಣ 10 ಪರ್ಸೆಂಟಿನಿಂದ 8ಕ್ಕೆ ಬಂದಿತ್ತು ಅಂತಿಟ್ಟುಕೊಳ್ಳಿ. ಬೆಂಗಳೂರಿನ ಟೀಮಿನವರು ಸ್ಲೈಡಿನಲ್ಲಿ ‘ಬೆಸ್ ದ 2 %’ ಅಂತ ಹಾಕಿದರು. ಇಲ್ಲಿನ ಮ್ಯಾನೇಜರು, ಹಾಗಾದರೆ 9.8ಕ್ಕೆ ಬಂದಿದೆ, ಇಷ್ಟಕ್ಕೆ ಸ್ಲೈಡ್ ಯಾಕೆ ಅಂದರು. ಪರ್ಸೆಂಟಿಂದ ಪರ್ಸೆಂಟಿಗೆ ಇಳಿದರೆ ಇಲ್ಲಿ ‘ದ ದೋ ಪ್ವೆಂ’, ಅಂದರೆ ಎರಡು ಪಾಯಿಂಟ್ ಅನ್ನಬೇಕು. ಪರ್ಸೆಂಟೇ ಬೇಕು ಅಂದರೆ ಅದು 20 ಪರ್ಸೆಂಟ್ ಇಳಿಕೆ. ನಿರುದ್ಯೋಗದ ಗ್ರಾಫ್ ಯಾರಿಗಾದರೂ ಬಂದರೆ ಇದು ಬೇಕೇ ಬೇಕು.

ಮತ್ತೆ ಲಕ್ಷದ ವಿಷಯ ಯಾರೂ ಎತ್ತಲಿಲ್ಲ. ನಾವು ತಲೆಯಲ್ಲಿ 6 ಲಕ್ಷ 78 ಸಾವಿರ ಅಂತಲೇ ಓದುತ್ತೇವೆ. ಇಲ್ಲಿ ‘ಆರು ನೂರ ಎಪ್ಪತ್ತೆಂಟು ಸಾವಿರ’: ‘ಸೀ ಸಾಂ ಸ್ವಾಸಾಂತ್ ದಿಜ್ವಿತ್ ಮಿಲ್’. ಕಾಮಾ ಬೇರೆ ಉಲ್ಟಾ, ಅದು ಇಲ್ಲಿ ದಶಾಂಶಕ್ಕೆ. ಸಾವಿರಗಳ ನಡುವೆ ಬರೀ ಜಾಗ ಬಿಡುತ್ತಾರೆ. ನಮ್ಮ ಥರ 6,78,000 ಬರೆದರೆ ಓದುವವರು ಎರಡು ಸಲ ಕಣ್ಣುಜ್ಜಿಕೊಳ್ಳುತ್ತಾರೆ.

ಪೂರ್ಣಿಮಾ

ವಸುಧಾ ಅವರೇ, ‘ಆ’ ಇದೆಯೋ ಇಲ್ಲವೋ ನೋಡಬೇಕು ಅನ್ನುವುದು ತಲೆಗೆ ಕೂತಿತು. ಈಗ ಹೋಲಿಕೆಗೆ ಬಂದೆ. 2022ರಲ್ಲಿ 7 ಲಕ್ಷಕ್ಕಿಂತ ಜಾಸ್ತಿ ಇತ್ತು ಅನ್ನಬೇಕು. ‘ಕಿಂತ’ಕ್ಕೆ ‘ಕ’ ಅಂತ ಪಾಠದಲ್ಲಿದೆ. ಹಾಗಾದರೆ ‘ಪ್ಲ್ಯೂ ಕ 700 000’ ಸರಿಯೇ? 2010ರಿಂದ ಇಳಿಯುತ್ತಲೇ ಇದೆ ಅನ್ನಲು ಯಾವ ಕಾಲ?

ವಸುಧಾ

ಅಂಕಿಯ ಮುಂದೆ ‘ಪ್ಲ್ಯೂ ದ’. ಎರಡು ವಸ್ತುಗಳನ್ನು ಹೋಲಿಸುವಾಗ ‘ಕ’: 2022ರಲ್ಲಿ 2023ಕ್ಕಿಂತ ಹೆಚ್ಚು ಮಕ್ಕಳು ಅನ್ನುವಾಗ, ‘ಪ್ಲ್ಯೂಸ್ ದ ನೆಸಾಂಸ್ ಆಂ 2022 ಕಾಂ 2023’. ಇಲ್ಲಿ ‘ದ’ವೂ ಇದೆ, ‘ಕ’ವೂ ಇದೆ, ತಮ್ಮತಮ್ಮ ಜಾಗದಲ್ಲಿ. ನೀವು ಬರೆದ ‘ಪ್ಲ್ಯೂ ಕ 700 000’ ಕೇಳಿದವರಿಗೆ ‘ಇನ್ನು ಉಳಿದಿರುವುದು ಬರೀ 7 ಲಕ್ಷ’ ಅನಿಸುತ್ತದೆ. ನೀವು ಜಾಸ್ತಿ ಅನ್ನಲು ಹೊರಟರೆ ಅವರು ಕಡಿಮೆ ಅಂತ ಕೇಳಿಸಿಕೊಳ್ಳುತ್ತಾರೆ.

ಬಾಯಲ್ಲಿ ಹೇಳುವಾಗ ಇನ್ನೊಂದು ಕಾಟ ಇದೆ. ‘ಇನ್ನಷ್ಟು ಮಕ್ಕಳು’ ಅನ್ನುವಾಗ ಕೊನೆಯ ಸಕಾರ ಚೆನ್ನಾಗಿ ಕೇಳಿಸಬೇಕು, ‘ಪ್ಲ್ಯೂಸ್ ದ’. ಅದನ್ನು ನುಂಗಿದರೆ ‘ಇನ್ನು ಮಕ್ಕಳೇ ಇಲ್ಲ’ ಅಂತಲೂ ಕೇಳಬಹುದು. ಅಂಕಿಯ ಮುಂದೆ ಮಾತ್ರ ನುಂಗಿಯೇ ಹೇಳುತ್ತಾರೆ, ಅಲ್ಲಿ ಗೊಂದಲ ಇಲ್ಲ.

ಕಾಲದ ವಿಷಯದಲ್ಲಿ ಕನ್ನಡದವರಿಗೆ ಲಾಭ ಇದೆ. ‘2011ರಿಂದ ಇಳಿಯುತ್ತಿವೆ’ ಅಂತ ನಾವು ವರ್ತಮಾನದಲ್ಲೇ ಹೇಳುತ್ತೇವೆ. ಫ್ರೆಂಚಿನಲ್ಲೂ ಹಾಗೇ, ‘ಬೆಸ್ ದಪ್ವಿ 2011’. ಇಂಗ್ಲಿಷ್ ದಾರಿಯಲ್ಲಿ ಹೋದವರೇ ಎಡವುವುದು. ಇಳಿಕೆ ಮುಗಿದಿದ್ದರೆ, ಒಂದು ವರ್ಷದ ಮಾತಾದರೆ, ‘ಓಂ ಬೆಸೇ’. 2011 ಅಂದದ್ದು ಯಾಕೆಂದರೆ 2010 ಶಿಖರದ ವರ್ಷ, ಇಳಿಕೆ ಅದರ ಮರುವರ್ಷದಿಂದ. ನಡುವೆ 2021ರಲ್ಲಿ ಸ್ವಲ್ಪ ಮೇಲೆದ್ದಿದೆ, ‘ಸೋಫ್ ಆಂ 2021’ ಅಂತ ಒಂದು ತುಣುಕು ಸೇರಿಸಿ. ಸೇರಿಸದಿದ್ದರೆ ಕೂತವರಲ್ಲಿ ಒಬ್ಬರಾದರೂ ಕೈ ಎತ್ತುತ್ತಾರೆ.

ರಾಯರ ಅಂಕಿಯನ್ನೂ ಬಳಸಿಕೊಳ್ಳಬಹುದು. 1.7, 1.68 ಹತ್ತಿರದ ಅಂಕಿಗಳು, ವರ್ಷ ಬೇರೆ, ಸಮೀಕ್ಷೆ ಬೇರೆ. ಅಲ್ಲಿ ಹೆಚ್ಚು ಕಡಿಮೆ ಅನ್ನಲು ಹೋಗದೆ ‘ಪ್ರೋಶ್ ದ’, ಅಂದರೆ ಹತ್ತಿರ ಅಂದರೆ ಸಾಕು.

ನಾಗರಾಜ ರಾವ್

ಸರಿ, ಪದಕ್ಕೇ ಬರುತ್ತೇನೆ. ‘ಎರಡು ಪಟ್ಟು ಹೆಚ್ಚು’ ಅಂತ ಕನ್ನಡ ಪತ್ರಿಕೆಯಲ್ಲಿ ಬರೆದಾಗ ನನಗೆ ಯಾವಾಗಲೂ ಅನುಮಾನ. 100ಕ್ಕೆ ಎರಡು ಪಟ್ಟು ಹೆಚ್ಚು ಅಂದರೆ 200 ಆಯಿತೋ, 100ರ ಮೇಲೆ 200 ಸೇರಿ 300 ಆಯಿತೋ? ಫ್ರೆಂಚರು ಏನು ಮಾಡುತ್ತಾರೆ?

ಹರೀಶ

300, ರಾಯರೇ. ‘ಹೆಚ್ಚು’ ಅಂದ ಮೇಲೆ ಮೂಲಕ್ಕೆ ಸೇರಲೇಬೇಕು. ಫ್ರೆಂಚಿನಲ್ಲೂ ಹಾಗೇ ಇರಬೇಕು.

ವಸುಧಾ

ಫ್ರೆಂಚಿನಲ್ಲಿ ‘ದೋ ಫ್ವಾ ಪ್ಲ್ಯೂಸ್’ ಅಂದರೆ ಬಳಕೆಯಲ್ಲಿ 200. ‘ದೋ ಫ್ವಾ ಮ್ವೆಂ’ ಅಂದರೆ ಅರ್ಧ, 50. ಎರಡು ಪಟ್ಟು ಕಡಿಮೆ ಅಂತ ಕನ್ನಡದಲ್ಲಿ ಅಕ್ಷರಶಃ ಹೇಳಿದರೆ ಕಿವಿಗೆ ವಿಚಿತ್ರ, ಅಲ್ಲಿ ಮಾತ್ರ ದಿನಬಳಕೆಯ ಮಾತು. ನಾನು ಅನುವಾದಿಸುವಾಗ ‘ಅರ್ಧಕ್ಕಿಳಿದಿದೆ’, ‘ಮೂರನೇ ಒಂದು ಭಾಗ’ ಅಂತಲೇ ಬಿಡಿಸಿ ಬರೆಯುತ್ತೇನೆ. ಪೂರ್ಣಿಮಾ, ಅನುಮಾನವೇ ಬೇಡ ಅಂದರೆ ‘ದೂಬ್ಲೇ’ ಬಳಸಿ, ದುಪ್ಪಟ್ಟಾಯಿತು. ಅದಕ್ಕೆ ಎರಡನೇ ಅರ್ಥ ಇಲ್ಲ.

ಹರೀಶ

ಬಳಕೆ ಇರಬಹುದು ಮೇಡಂ, ಲೆಕ್ಕದ ಪ್ರಕಾರ 300 ಅನ್ನುವ ನನ್ನ ಮಾತು ನಾನು ಬಿಡುವುದಿಲ್ಲ. ಕನ್ನಡದಲ್ಲಂತೂ.

ನಾಗರಾಜ ರಾವ್

ಕನ್ನಡದಲ್ಲಿ ನನಗೆ 200 ಅಂತಲೇ ಕೇಳಿಸುತ್ತದೆ, ಆದರೆ ಹರೀಶನ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಇದಕ್ಕೆ ಬೇರೆಯೇ ಎಳೆ ಶುರು ಮಾಡುತ್ತೇನೆ. ‘ಪಟ್ಟು’, ‘ಪಾಲು’, ‘ಮಡಿ’ ಮೂರನ್ನೂ ಸೇರಿಸಿ ಕೇಳಬೇಕು. ನಿಮ್ಮೂರ ಕಡೆ ಯಾವುದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ, ಉದಾಹರಣೆ ಸಮೇತ ಬರೆಯಿರಿ.