ಗೋಡೆಯಾಚೆಯ ಚಂಡೆ: ‘ಅಕ್ಲೂಷನ್’ಗೆ ಯಾವ ಪದ?

ಪ್ರಶ್ನೆ, ತೀರ್ಥಹಳ್ಳಿಯಿಂದ

ಬಳಗದ ಎಲ್ಲರಿಗೂ ನಮಸ್ಕಾರ. ಮಲೆನಾಡಿನ ತೊಟ್ಟಿಮನೆಯೊಂದರಲ್ಲಿ ಓಡಾಡಿದಂತೆ ಅನುಭವ ಕೊಡುವ ಕಂಪ್ಯೂಟರ್ ಆಟವನ್ನು ಗೊಡೋ ಎಂಜಿನ್‌ನಲ್ಲಿ ಕಟ್ಟುತ್ತಿದ್ದೇವೆ. ಅಂಗಳದಲ್ಲಿ ಯಕ್ಷಗಾನ ನಡೆಯುತ್ತಿರುತ್ತದೆ. ಆಟಗಾರ ದೂರ ಸರಿದಂತೆ ಚಂಡೆಯ ಸದ್ದು ಇಳಿಯಬೇಕು. ಅವನು ಒಳಕೋಣೆಗೆ ಹೋದರೆ ಮಣ್ಣಿನ ಗೋಡೆಯಿಂದಾಗಿ ಅದು ಮಂಕಾಗಬೇಕು. ನಮ್ಮ ಕೈಪಿಡಿಯ ಕರಡಿನಲ್ಲಿ ಈ ಎರಡಕ್ಕೂ ‘ಧ್ವನಿಕ್ಷೀಣತೆ’ ಎಂಬ ಒಂದೇ ಪದವಿದೆ. ಅದನ್ನು ಓದಿದ ಹುಡುಗನೊಬ್ಬ ಗೋಡೆಯ ಹಿಂದೆ ವಾಲ್ಯೂಮನ್ನು ಮಾತ್ರ ತಗ್ಗಿಸಿದ. ಪರಿಣಾಮವಾಗಿ ಚಂಡೆ ಗೋಡೆಯಾಚೆ ಇದ್ದಂತಲ್ಲ, ಗದ್ದೆಯಾಚೆ ಇದ್ದಂತೆ ಕೇಳಿಸಿತು. ಬಳಿಕ ಫಿಲ್ಟರಿನ `attenuation_filter_cutoff_hz` ಅನ್ನು 1000ಕ್ಕೆ ಇಳಿಸಿದರೂ ಆರು ಮೀಟರ್ ದೂರದಲ್ಲಿ ಏನೂ ಬದಲಾಗಲಿಲ್ಲ. ಫಾಲ್‌ಆಫ್ ಮತ್ತು ಅಕ್ಲೂಷನ್‌ಗಳಿಗೆ ಬೇರೆ ಬೇರೆ ಪದ ಸೂಚಿಸಬೇಕೆಂದು ಕೋರುತ್ತೇನೆ.

ಭದ್ರಾವತಿಯಿಂದ

ದೂರವಾದರೂ ಗೋಡೆಯಾದರೂ ಕಿವಿಗೆ ತಲುಪುವ ಸದ್ದು ಕಡಿಮೆಯಾಗುವುದೊಂದೇ ಅಲ್ಲವೇ? ಗೋಡೆ ಸದ್ದನ್ನು ತಡೆಯುತ್ತದೆ. ‘ತಡೆ’ ಎಂದರೆ ಸಾಕು. ಎರಡು ಪದ ಕೊಟ್ಟರೆ ಹುಡುಗರಿಗೆ ಗೊಂದಲವೇ ಹೆಚ್ಚು.

ಸೊರಬದಿಂದ

ನನ್ನ ಇಯರ್‌ಫೋನಿನಲ್ಲಿಯೂ ಸ್ಪೇಷಿಯಲ್ ಆಡಿಯೋ ಇದೆ. ನಾನು ತಲೆ ತಿರುಗಿಸಿದರೂ ಹಾಡು ಮೊದಲಿದ್ದ ದಿಕ್ಕಿನಿಂದಲೇ ಬರುತ್ತದೆ. ಅದನ್ನು ‘ಸುತ್ತುದನಿ’ ಎನ್ನಬಹುದು. ಆದರೆ ಅದರಲ್ಲಿ ಗೋಡೆಯ ಮಾತು ಎಲ್ಲಿಂದ ಬಂತೆಂದು ತಿಳಿಯಲಿಲ್ಲ.

ಸಾಗರದಿಂದ

ಸೊರಬದ ಮಿತ್ರರು ಹೇಳಿದ್ದು ದಿಕ್ಕಿನ ವಿಷಯ; ಇಲ್ಲಿನ ಪ್ರಶ್ನೆ ದಿಕ್ಕನ್ನು ಕುರಿತದ್ದಲ್ಲ. ಭದ್ರಾವತಿಯವರ ಮಾತು ಅರ್ಧ ಸರಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದರೆ ಅಂಗಳದಷ್ಟು ಅಂತರದಲ್ಲಿ ಅದರ ಬಣ್ಣ ಬದಲಾಗುವುದಿಲ್ಲ. ಗೋಡೆ ಹಾಗಲ್ಲ. ಅದು ಮೇಲಿನ ಕಂಪನಗಳನ್ನು ಕೆಳಗಿನವುಗಳಿಗಿಂತ ಬಹಳ ಹೆಚ್ಚು ತಡೆಯುತ್ತದೆ. ಹಾಗಾಗಿ ಒಳಕೋಣೆಯಲ್ಲಿ ಕುಳಿತವರಿಗೆ ಚಂಡೆಯ ಕೋಲಿನ ಚುರುಕಾದ ಏಟು ಸತ್ತುಹೋಗಿ, ಮದ್ದಲೆಯ ಗುಂಕಾರ ಉಳಿದುಕೊಳ್ಳುತ್ತದೆ. ಒಟ್ಟು ಸದ್ದೂ ತಗ್ಗುವುದರಿಂದ ವಾಲ್ಯೂಮನ್ನು ಸ್ವಲ್ಪ ಇಳಿಸಲೇಬೇಕು. ಆದರೆ ಅದೊಂದರಿಂದಲೇ ಗೋಡೆ ಕಿವಿಗೆ ಕಾಣುವುದಿಲ್ಲ.

ನಿಮ್ಮ ಫಿಲ್ಟರ್ ಕೆಲಸ ಮಾಡದಿರುವುದಕ್ಕೆ ಕಾರಣವಿದೆ. `AudioStreamPlayer3D`ಯ ಆ ಫಿಲ್ಟರ್ ಇರುವುದು ದೂರಕ್ಕಾಗಿ, ಗೋಡೆಗಾಗಿ ಅಲ್ಲ. ದೂರದಿಂದ ಸದ್ದು ಎಷ್ಟು ಇಳಿದಿದೆಯೋ ಅದಕ್ಕೆ ತಕ್ಕಷ್ಟೇ ಅದು ಬಲವಾಗುತ್ತದೆ. `unit_size` ಮೊದಲಿದ್ದಂತೆ 10 ಆಗಿಯೇ ಇದ್ದರೆ, ಆರು ಮೀಟರಿನಲ್ಲಿ ಇಳಿತವೇ ಆರಂಭವಾಗಿರುವುದಿಲ್ಲ. ಆದ್ದರಿಂದ ನೀವು ಇಟ್ಟ 1000ಕ್ಕೆ ಬೆಲೆಯೇ ಇಲ್ಲ. ಅದೇ ಬೆಲೆಯನ್ನು ನಲವತ್ತು ಮೀಟರಿನಲ್ಲಿ ಪರೀಕ್ಷಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. `unit_size` ತಗ್ಗಿಸಿದರೆ ಫಿಲ್ಟರ್ ಎಚ್ಚರಗೊಳ್ಳುವುದು ನಿಜ, ಆದರೆ ಬಯಲಿನ ಇಳಿತವೂ ಅದರೊಂದಿಗೆ ಕೆಡುತ್ತದೆ.

ಚಂಡೆಗೆಂದೇ ಪ್ರತ್ಯೇಕ ಬಸ್ ಮಾಡಿ, ಅದರಲ್ಲಿ `AudioEffectLowPassFilter` ಇಡುವುದು ಒಳ್ಳೆಯದು. ಆಟಗಾರನಿಂದ ಚಂಡೆಯತ್ತ ಹಾಯಿಸಿದ ಕಿರಣ ಗೋಡೆಗೆ ತಾಗಿತೋ ಇಲ್ಲವೋ ಎಂಬುದು ಬದಲಾದ ಕ್ಷಣದಲ್ಲಿ ಮಾತ್ರ ಇದನ್ನು ನಡೆಸಿ:

```
var guri = 900.0 if mare else 20500.0
create_tween().tween_property(filter, "cutoff_hz", guri, 0.3)
```

900 ಎಂಬುದು ಕಿವಿಯಿಂದ ಹೊಂದಿಸಿಕೊಳ್ಳಬೇಕಾದ ಅಂಕಿ. 0.3 ಸೆಕೆಂಡಿನ ಜಾರಿಕೆಯನ್ನು ಕೈಬಿಟ್ಟರೆ ಬಾಗಿಲು ದಾಟುವಾಗ ಸದ್ದು ಸ್ವಿಚ್ ಒತ್ತಿದಂತೆ ಥಟ್ಟನೆ ಬದಲಾಗುತ್ತದೆ. ಒಂದೇ ಬಸ್ಸಿಗೆ ಭಾಗವತರ ದನಿಯನ್ನೂ ಕೊಟ್ಟಿಗೆಯ ಸದ್ದನ್ನೂ ಸೇರಿಸಬೇಡಿ. ಒಂದು ಮರೆಯಾದರೆ ಎಲ್ಲವೂ ಮಂಕಾಗುತ್ತವೆ.

ಪದಗಳ ಬಗ್ಗೆ ಹೇಳುವುದಾದರೆ, ಫಾಲ್‌ಆಫ್‌ಗೆ ‘ಇಳಿತ’, ಅಕ್ಲೂಷನ್‌ಗೆ ‘ಮರೆ’, ಕೇಳಿಬರುವ ಪರಿಣಾಮಕ್ಕೆ ‘ಮುಸುಕು ದನಿ’ ಎಂದು ನನ್ನ ಸಲಹೆ. ‘ತಡೆ’ ಎಂದರೆ ಸದ್ದು ಪೂರ್ತಿ ನಿಂತಿತೆಂಬ ಭಾವ ಬರುತ್ತದೆ. ‘ಮಂದ’ ಎಂದರೆ ಸಣ್ಣ ಸದ್ದೆಂದೂ ಅರ್ಥವಾಗಿ ಮತ್ತೆ ಮೊದಲಿನ ಗೊಂದಲಕ್ಕೇ ಮರಳುತ್ತೇವೆ.

ಹೊಸನಗರದಿಂದ

‘ಇಳಿತ’ ಒಪ್ಪುತ್ತೇನೆ, ‘ಮರೆ’ಯ ಬಗ್ಗೆ ತಕರಾರಿದೆ. ಜಗಲಿಯ ದಪ್ಪ ಕಂಬದ ಹಿಂದೆ ನಿಂತರೂ ನಾವು ಮರೆಯಲ್ಲಿ ನಿಂತೆವು ಎನ್ನುತ್ತೇವೆ. ಆಗ ನೇರ ಸದ್ದು ಮಾತ್ರ ಮಂಕಾಗಿ, ಸುತ್ತಲ ಗೋಡೆಗಳಿಂದ ಮರಳಿ ಬರುವ ಸದ್ದು ಎಂದಿನಂತೆ ಕಿವಿಗೆ ಬೀಳುತ್ತದೆ. ಒಳಕೋಣೆಯಲ್ಲಾದರೆ ಎರಡೂ ಮುಸುಕಾಗುತ್ತವೆ. ಆಡಿಯೋ ಕೆಲಸದವರು ಮೊದಲನೆಯದನ್ನು ಅಬ್‌ಸ್ಟ್ರಕ್ಷನ್ ಎಂದೂ ಎರಡನೆಯದನ್ನು ಅಕ್ಲೂಷನ್ ಎಂದೂ ಬೇರ್ಪಡಿಸುತ್ತಾರೆ. ಕಂಬಕ್ಕೆ ‘ಅಡ್ಡ’, ಗೋಡೆಗೆ ‘ಮರೆ’ ಎಂದು ಹಂಚಿಕೊಳ್ಳಬಹುದೇ?

ತೀರ್ಥಹಳ್ಳಿಯಿಂದ

ಸಾಗರದವರಿಗೆ ವಂದನೆಗಳು, ಬಸ್ ಬೇರೆ ಮಾಡಿದ ಮೇಲೆ ಗೋಡೆ ಕೇಳಿಸುತ್ತಿದೆ. ‘ಅಡ್ಡ’, ‘ಮರೆ’ ಎರಡನ್ನೂ ಸದ್ಯಕ್ಕೆ ಕರಡಿಗೆ ಸೇರಿಸುತ್ತೇನೆ. ಇನ್ನೊಂದು ತೊಡಕು ಉಳಿದಿದೆ: ಪಕ್ಕದ ಬಾಗಿಲು ತೆರೆದಿದ್ದರೂ ಕಿರಣ ಗೋಡೆಗೇ ತಾಗುವುದರಿಂದ ಚಂಡೆ ಮುಸುಕಾಗಿಯೇ ಇರುತ್ತದೆ. ವಾಸ್ತವದಲ್ಲಿ ಅದು ಬಾಗಿಲಿನ ಕಡೆಯಿಂದ ಸ್ಪಷ್ಟವಾಗಿ ಬರಬೇಕು. ಬಾಗಿಲ ಬಳಿ ಎರಡನೆಯ ಸದ್ದಿನ ಮೂಲವನ್ನು ಇಡುವುದೋ, ಬಾಗಿಲ ಮೂಲಕ ಇನ್ನೊಂದು ಕಿರಣ ಹಾಯಿಸುವುದೋ ತೀರ್ಮಾನವಾಗಿಲ್ಲ. ಹೀಗೆ ಬಳಸಿ ಬರುವ ಸದ್ದಿಗೂ ಪದವೊಂದು ಬೇಕಾಗಿದೆ.